ಮುಸುಕು ಕೂದಲಾದ ಬಗೆ

ತಲೆಯ ಮೇಲೆ ಸೆರಗಿಲ್ಲದೆ ತೆಗೆದ ಫೋಟೋಕ್ಕೆ ಆಮೇಲೆ ಸೆರಗು ಹೊದಿಸುವ ಕೆಲಸ ಕಂಪ್ಯೂಟರಿನೊಂದಿಗೆ ಹುಟ್ಟಿದ್ದಲ್ಲ. ನಮ್ಮ ಊರುಗಳ ಸ್ಟುಡಿಯೋಗಳಲ್ಲಿ ಅದು ಬಹಳ ಹಿಂದಿನಿಂದಲೂ ನಡೆದು ಬಂದದ್ದು. ಮನೆಯ ಹಿರಿಯಳೊಬ್ಬಳು ತೀರಿಕೊಂಡರೆ ಯಾವುದೋ ಮದುವೆಯ ಗುಂಪು ಚಿತ್ರದಿಂದ ಅವಳ ಮುಖವನ್ನಷ್ಟೇ ತೆಗೆದು ದೊಡ್ಡದು ಮಾಡಿಸುತ್ತಿದ್ದರು. ಆ ಗಡಿಬಿಡಿಯ ದಿನ ಸೆರಗು ಜಾರಿರುತ್ತಿತ್ತು. ಬದುಕಿನುದ್ದಕ್ಕೂ ತಲೆ ಮುಚ್ಚಿಕೊಂಡವಳು ಗೋಡೆಯ ಮೇಲೆ ಬರಿದಲೆಯಲ್ಲಿ ಇರಬಾರದೆಂಬುದು ಮಕ್ಕಳ ಆಸೆ. ಸ್ಟುಡಿಯೋದ ಕಲಾವಿದ ಅದನ್ನು ಕುಂಚದಿಂದ ಪೂರೈಸುತ್ತಿದ್ದ. ಹಿಂದೂ ಮನೆ, ಮುಸ್ಲಿಂ ಮನೆ ಎಂಬ ಭೇದ ಈ ಆಸೆಗೆ ಇರಲಿಲ್ಲ.

ಇದಕ್ಕೂ ಮೊದಲಿನ ಕಾಲದಲ್ಲಿ ಕ್ಯಾಮೆರಾದ ಎದುರು ಏನು ಕಾಣಬೇಕೆಂಬುದು ಚಿತ್ರ ತೆಗೆಯುವ ಮುನ್ನವೇ ನಿರ್ಧಾರವಾಗುತ್ತಿತ್ತು. ರಾಜಾ ದೀನದಯಾಳರು 1892ರಲ್ಲಿ ಹೈದರಾಬಾದಿನಲ್ಲಿ ತೆರೆದ ಜನಾನಾ ಸ್ಟುಡಿಯೋ ಇದಕ್ಕೆ ಒಳ್ಳೆಯ ಸಾಕ್ಷಿ. ಪರದೆ ಪಾಲಿಸುವ ಹೆಂಗಸರಿಗಾಗಿಯೇ ಇದ್ದ ಅಲ್ಲಿ ಚಿತ್ರ ತೆಗೆಯುವವಳೂ ಒಬ್ಬ ಆಂಗ್ಲ ಮಹಿಳೆ. ಮುಸುಕು ಇರಬೇಕೋ ಬೇಡವೋ ಎಂಬುದನ್ನು ಕುಳಿತವಳೇ ಹೇಳಬಹುದಿತ್ತು. ತೆಗೆದ ಮೇಲೆ ತಿದ್ದುವುದು ಸುಲಭವಾದಂತೆಲ್ಲ ಆ ಮಾತು ಬೇರೆಯವರ ಕೈಗೆ ಹೋಯಿತು.

ತಿದ್ದುವ ಕೆಲಸದಲ್ಲಿ ಒಂದು ವಿಚಿತ್ರ ಅಸಮತೆ ಇದೆ. ನೆಗೆಟಿವ್‌ನಲ್ಲಿ ಕಪ್ಪು ಕೂದಲು ಪಾರದರ್ಶಕವಾಗಿಯೂ ಬಿಳಿ ಬಟ್ಟೆ ದಟ್ಟ ಕಪ್ಪಾಗಿಯೂ ಇರುತ್ತದೆ. ಪಾರದರ್ಶಕ ಜಾಗದ ಮೇಲೆ ಪೆನ್ಸಿಲಿನಿಂದಲೋ ತೆಳು ಕೆಂಪು ಬಣ್ಣದಿಂದಲೋ ಗೀರಿದರೆ ಮುದ್ರಣದಲ್ಲಿ ಆ ಜಾಗ ಬೆಳ್ಳಗಾಗುತ್ತದೆ. ಹಾಗಾಗಿ ಕೂದಲ ಮೇಲೆ ಬಿಳಿ ಬಟ್ಟೆ ತರುವುದು ಸಾಧ್ಯ. ಇದ್ದ ಬಟ್ಟೆಯನ್ನು ತೆಗೆಯಬೇಕಾದರೆ ಕಪ್ಪು ಪದರವನ್ನು ಚೂಪು ಚಾಕುವಿನಿಂದ ಕೆರೆಯಬೇಕು. ಸ್ವಲ್ಪ ಹೆಚ್ಚು ಕೆರೆದರೆ ಪದರವೇ ಹರಿದು ಹೋಗುತ್ತದೆ. ಅದಲ್ಲದೆ ಕೆರೆದ ಜಾಗದಲ್ಲಿ ಕೂದಲೇನೂ ಸಿಗುವುದಿಲ್ಲ, ಖಾಲಿ ಕಪ್ಪು ಮಾತ್ರ.

ಆದ್ದರಿಂದ ಹೆಚ್ಚಿನ ಕೆಲಸ ನಡೆಯುತ್ತಿದ್ದುದು ಮುದ್ರಿಸಿದ ಕಾಗದದ ಮೇಲೆ. ಹನ್ನೆರಡು ಹದಿನೈದು ಇಂಚಿನ ಒರಟು ಬ್ರೊಮೈಡ್ ಕಾಗದದಲ್ಲಿ ಮುಖವನ್ನು ದೊಡ್ಡದು ಮಾಡಿದ ಮೇಲೆ ಕಲಾವಿದ ಮೊದಲು ನೋಡುತ್ತಿದ್ದುದು ಮೂಗಿನ ನೆರಳನ್ನು. ಅದು ಎಡಕ್ಕೆ ಬಿದ್ದಿದ್ದರೆ ಬೆಳಕು ಬಲಗಡೆಯದು, ಸೆರಗಿನ ಮಡಿಕೆಗಳೂ ಬಲಗಡೆ ಬೆಳ್ಳಗಿರಬೇಕು. ನಂತರ ಬಟ್ಟೆ ಎಲ್ಲಿ ನಿಲ್ಲುತ್ತದೆ ಎಂಬ ಪ್ರಶ್ನೆ. ತಲೆಯ ಮೇಲಿನ ಸೆರಗಿಗೆ ಆಧಾರ ಎರಡೇ ಕಡೆ, ನೆತ್ತಿ ಮತ್ತು ಹೆಗಲು. ಮಡಿಕೆಗಳೆಲ್ಲ ನೆತ್ತಿಯಿಂದ ಹೊರಟು ಕಿವಿಯ ಬಳಿ ಕೆನ್ನೆಯಿಂದ ತುಸು ದೂರ ಸರಿದು, ಹೆಗಲಿಗೆ ಬಂದು ಮುರಿಯುತ್ತವೆ. ಕಲಿಯುವವರು ತಪ್ಪುವುದು ಇಲ್ಲೇ. ಬಟ್ಟೆಯನ್ನು ತಲೆಬುರುಡೆಗೆ ಅಂಟಿಸಿಬಿಡುತ್ತಾರೆ. ಒಳಗೆ ಕೂದಲಿದೆ, ಹಿಂದೆ ತುರುಬಿದೆ ಎಂಬುದನ್ನು ಮರೆತರೆ ಸೆರಗು ಸ್ನಾನದ ಟೋಪಿಯಂತೆ ಕಾಣುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ಅಂಚು. ಹಣೆಯ ಮೇಲೆ ಬೆರಳಗಲದಷ್ಟು ಕೂದಲು ಬಿಟ್ಟು ಅಲ್ಲಿಂದ ಬಟ್ಟೆ ಆರಂಭಿಸುವುದು ರೂಢಿ. ಆದರೆ ಅಲ್ಲೊಂದು ಗೆರೆ ಎಳೆದರೆ ಕತ್ತರಿಯಿಂದ ಕತ್ತರಿಸಿ ಅಂಟಿಸಿದಂತಾಗುತ್ತದೆ. ಅನುಭವಿ ಕೈ ಬಟ್ಟೆಯ ಅಂಚಿನ ಕೆಳಗೆ ಕೂದಲಿನ ಮೇಲೆ ಒಂದು ತೆಳು ನೆರಳನ್ನು ಹಾಕುತ್ತಿತ್ತು, ಮೇಲೆ ಬಟ್ಟೆಯ ದಪ್ಪವನ್ನು ತೋರುವ ಸಣ್ಣ ಬಿಳುಪನ್ನು ಹಾಕುತ್ತಿತ್ತು, ಕೊನೆಗೆ ಒಂದೆರಡು ಸಡಿಲ ಎಳೆಗಳನ್ನು ಅಂಚಿನ ಮೇಲೆಯೇ ಹಾಯಿಸಿ ಬಿಡುತ್ತಿತ್ತು. ಕಣ್ಣು ನಂಬುವುದು ಈ ಎಳೆಗಳನ್ನು ನೋಡಿಯೇ.

ಈಗ ಇದಕ್ಕೆ ವಿರುದ್ಧವಾದ ಒಂದು ಪ್ರಸಂಗ. ಪೋಲೆಂಡಿನ ಕ್ರಾಕೋವ್ ನಗರದಲ್ಲಿ ಲಿಯೊನಾರ್ಡೊ ಡ ವಿಂಚಿ ಸುಮಾರು 1490ರಲ್ಲಿ ಆಕ್ರೋಟು ಮರದ ಹಲಗೆಯ ಮೇಲೆ ಬರೆದ ತರುಣಿಯ ಚಿತ್ರವಿದೆ. ತೋಳಿನಲ್ಲಿ ಮುಂಗುಸಿಯಂಥ ಬಿಳಿ ಪ್ರಾಣಿಯೊಂದನ್ನು ಹಿಡಿದ ಚೆಚೀಲಿಯಾ ಗಾಲ್ಲೆರಾನಿ ಅವಳು, ಮಿಲಾನಿನ ಅರಮನೆಗೆ ಸೇರಿದವಳು. ಅವಳ ಕೂದಲು ಕೆನ್ನೆಯ ಎರಡೂ ಬದಿ ಇಳಿದು ಗಲ್ಲದ ಕೆಳಗೆ ಕಟ್ಟಿದಂತೆ ಕಾಣುತ್ತದೆ. ಹಾಗೆ ಕೂದಲನ್ನು ಗಲ್ಲಕ್ಕೆ ಕಟ್ಟುವವರು ಲೋಕದಲ್ಲಿ ಯಾರೂ ಇಲ್ಲ! ಅದು ಕೂದಲಲ್ಲ, ಮುಸುಕು. ಲಿಯೊನಾರ್ಡೊ ಅವಳ ತಲೆಗೆ ನೀರಿನಷ್ಟು ತೆಳುವಾದ ಬಟ್ಟೆಯನ್ನು ಹೊದಿಸಿದ್ದ. ನಂತರದ ಕಾಲದಲ್ಲಿ ಯಾರೋ ಅದನ್ನು ಅರ್ಥ ಮಾಡಿಕೊಳ್ಳದೆಯೋ ಬೇಡವೆನಿಸಿಯೋ ಕೂದಲಿನ ಬಣ್ಣ ಬಳಿದರು. ಹಿನ್ನೆಲೆಯನ್ನೂ ಹೀಗೆಯೇ ಕಪ್ಪು ಮಾಡಿದರು. 1992ರಲ್ಲಿ ವಾಷಿಂಗ್ಟನ್ನಿನಲ್ಲಿ ನಡೆದ ಪರೀಕ್ಷೆಯು ಮೂಲ ಹಿನ್ನೆಲೆ ನೀಲಿ ಬೆರೆತ ಬೂದು ಬಣ್ಣದ್ದೆಂದು ಕಂಡಿತು.

ಪ್ರಯೋಗಾಲಯವಿಲ್ಲದೆಯೂ ಈ ತಿದ್ದುಪಡಿಯನ್ನು ಹಿಡಿಯಬಹುದು. ಹುಬ್ಬಿನ ಮೇಲೆ ಅಡ್ಡಲಾಗಿ ಒಂದು ಸಣ್ಣ ಚಿನ್ನದ ಅಂಚು ಹಾದು ಹೋಗಿದೆ. ಅಂಚಿದ್ದ ಮೇಲೆ ಅದಕ್ಕೊಂದು ಬಟ್ಟೆ ಇರಲೇಬೇಕು. ಹಣೆಯಿಂದ ಆ ಬಟ್ಟೆ ಕಪೋಲದತ್ತ ಹೊರಟದ್ದು ನಡುವೆ ಕೂದಲಾಗಿಬಿಡುತ್ತದೆ. ತಿದ್ದಿದವರು ಮೇಲ್ಮೈಗೆ ಬಣ್ಣ ಬಳಿದರು, ಆದರೆ ಆಕಾರ ಬಟ್ಟೆಯದೇ ಉಳಿಯಿತು. ಕೂದಲಿಗೆ ಬೇರಿನಿಂದ ಹೊರಟ ದಿಕ್ಕಿರುತ್ತದೆ, ಬಟ್ಟೆಗೆ ಆಧಾರದಿಂದ ಹೊರಟ ಇಳಿತವಿರುತ್ತದೆ. ಒಂದನ್ನು ಇನ್ನೊಂದರ ಜಾಗದಲ್ಲಿ ಇಟ್ಟರೆ ಸುಳ್ಳು ಬಯಲಾಗುತ್ತದೆ.

1498ರಲ್ಲಿ ಈ ಚಿತ್ರವನ್ನು ನೋಡಲು ಕೇಳಿದ ಮಂಟುವಾದ ಮಾರ್ಕೆಸಾ ಇಸಬೆಲ್ಲಾಗೆ ಚೆಚೀಲಿಯಾ ಬರೆದ ಉತ್ತರ ಉಳಿದಿದೆ. ಚಿತ್ರ ಈಗ ತನ್ನನ್ನು ಹೋಲುವುದಿಲ್ಲ, ಅದು ಕಲಾವಿದನ ದೋಷವಲ್ಲ, ತಾನು ತೀರಾ ಚಿಕ್ಕವಳಿದ್ದಾಗ ಬರೆದದ್ದು ಎಂಬ ಅರ್ಥದ ಮಾತು. ತನ್ನ ಚಿತ್ರದ ಬಗ್ಗೆ ಇಷ್ಟು ಸೂಕ್ಷ್ಮವಾಗಿ ಯೋಚಿಸಿದವಳ ಮುಸುಕನ್ನು ಅವಳು ಸತ್ತ ಮೇಲೆ ತೆಗೆದರು, ಕೇಳುವ ಪ್ರಶ್ನೆಯೇ ಇರಲಿಲ್ಲ.

ಕಂಪ್ಯೂಟರ್ ಬಂದ ಮೇಲೆ ಸಾಧನ ಬದಲಾಯಿತು, ತೊಡಕು ಬದಲಾಗಲಿಲ್ಲ. 1994ರಲ್ಲಿ ಫೋಟೋಶಾಪ್‌ಗೆ ಪದರಗಳು ಸೇರಿದಾಗಿನಿಂದ ದುಪಟ್ಟಾವನ್ನು ಬೇರೊಂದು ಹಾಳೆಯ ಮೇಲೆ ಇಟ್ಟು, ಮೂಲವನ್ನು ಕೆಡಿಸದೆ ಕೆಲಸ ಮಾಡಲು ಸಾಧ್ಯವಾಗಿದೆ. ಅಂಚಿನ ಪ್ರತಿ ಬಿಂದುವಿನಲ್ಲಿ ಕೂದಲೂ ಅದರ ಹಿಂದಿನ ಬಣ್ಣವೂ ಬೆರೆತಿರುತ್ತವೆ. ಬಿಳಿ ಗೋಡೆಯ ಮುಂದೆ ತೆಗೆದ ಮುಖವನ್ನು ಕತ್ತರಿಸಿ ಕಡುನೀಲಿ ದುಪಟ್ಟಾದ ಒಳಗಿಟ್ಟರೆ ಕೂದಲಿನ ಸುತ್ತ ಬಿಳಿಯ ಪ್ರಭೆ ಉಳಿಯುವುದು ಅದರಿಂದಲೇ. ಅದನ್ನು ಒರೆಸುವ ಬದಲು ಆ ಬಿಂದುಗಳ ಬಣ್ಣವನ್ನೇ ದುಪಟ್ಟಾದತ್ತ ತಿರುಗಿಸಬೇಕು, ನಂತರ ಸ್ಟುಡಿಯೋದ ಹಳೆಯ ಕಲಾವಿದನಂತೆ ನೆರಳನ್ನೂ ನಾಲ್ಕು ಎಳೆಗಳನ್ನೂ ಬರೆಯಬೇಕು.

ತೆಗೆಯುವುದು ಮಾತ್ರ ಇಂದಿಗೂ ಬೇರೆಯೇ ಜಾತಿಯ ಕೆಲಸ. ಸೇರಿಸುವವನು ಕಂಡದ್ದನ್ನು ಮುಚ್ಚುತ್ತಾನೆ. ತೆಗೆಯುವವನು ಕ್ಯಾಮೆರಾ ಎಂದೂ ಕಾಣದ್ದನ್ನು ಹುಟ್ಟಿಸುತ್ತಾನೆ. ಹಣೆಯ ಕೂದಲಗೆರೆ, ಬೈತಲೆ, ಕಿವಿ ಎಲ್ಲ ಅವನ ಊಹೆ. ಹಾಗಾಗಿ ಮುಸುಕು ತೆಗೆದ ಚಿತ್ರವನ್ನು ಅವಳ ನಿಜವಾದ ರೂಪವೆಂದು ಯಾರಾದರೂ ಹಬ್ಬಿಸಿದರೆ ಅದು ನಿಜವಲ್ಲ, ಅವಳ ಮುಖಕ್ಕೆ ಬೇರೆಯವರ ತಲೆ ತಗುಲಿಸಿದ್ದು. ಅಂಥದ್ದನ್ನು ಪರೀಕ್ಷಿಸಬೇಕಾದಾಗ ಕೂದಲನ್ನಲ್ಲ, ಮುಖವನ್ನೇ ನೋಡಬೇಕು. ಹಣೆಯ ಮೇಲ್ಭಾಗದಲ್ಲಿ ಬಟ್ಟೆಯ ನೆರಳು ಉಳಿದಿರುತ್ತದೆ. ಕೆಂಪು ದುಪಟ್ಟಾ ಹೊದ್ದವಳ ದವಡೆಯ ಅಂಚಿನಲ್ಲಿ ಬಟ್ಟೆಯಿಂದ ಪ್ರತಿಫಲಿಸಿದ ಕೆಂಪು ಇರುತ್ತದೆ, ಮತ್ತು ಬಟ್ಟೆ ಹೋದ ಮೇಲೂ ಆ ಕೆಂಪು ಸಾಮಾನ್ಯವಾಗಿ ಅಲ್ಲೇ ಇರುತ್ತದೆ.