ಸಹಸಂಬಂಧ ಗುಣಾಂಕದ ಮಿತಿ: ಕೋಶಿ ಅಸಮತೆಯ ಮೂಲಕ ಸಾಧನೆ ಮತ್ತು ಅದರ ಇತಿಹಾಸ

ಎರಡು ಅಳತೆಗಳು ಒಂದರೊಡನೊಂದು ಎಷ್ಟರಮಟ್ಟಿಗೆ ಸರಳರೇಖೆಯ ಕ್ರಮದಲ್ಲಿ ಏರಿಳಿಯುತ್ತವೆ ಎಂಬುದನ್ನು ಒಂದೇ ಸಂಖ್ಯೆಯಲ್ಲಿ ಹೇಳುವ ಸಹಸಂಬಂಧ ಗುಣಾಂಕವು −1ಕ್ಕಿಂತ ಕಡಿಮೆಯಾಗಲಾರದು, 1ಕ್ಕಿಂತ ಹೆಚ್ಚಾಗಲಾರದು. ಈ ಮಿತಿಯನ್ನು ಸಂಖ್ಯಾಶಾಸ್ತ್ರಜ್ಞರು ಅನುಕೂಲಕ್ಕಾಗಿ ಗೊತ್ತುಮಾಡಿಕೊಂಡ ಅಳತೆಗೋಲೆಂದು ಭಾವಿಸುವವರುಂಟು. ಆದರೆ ಅದು ಗುಣಾಂಕದ ಸೂತ್ರದಲ್ಲಿಯೇ ಅಡಗಿದೆ, ಮತ್ತು ಅದನ್ನು ಹೊರತೆಗೆಯುವ ಅಸಮತೆಯು ಗುಣಾಂಕವು ಹುಟ್ಟುವುದಕ್ಕೆ ಸುಮಾರು ಎಪ್ಪತ್ತು ವರ್ಷ ಮೊದಲೇ ಅಚ್ಚಾಗಿತ್ತು.

ಗುಣಾಂಕವನ್ನು ಕಟ್ಟುವ ಕ್ರಮ ಹೀಗಿದೆ. ಪ್ರತಿಯೊಂದು ಅಳತೆಯಿಂದ ಅದರ ಸರಾಸರಿಯನ್ನು ಕಳೆದಾಗ ಉಳಿಯುವುದಕ್ಕೆ ವಿಚಲನೆ ಎಂದು ಹೆಸರು. ಮೊದಲ ಅಳತೆಯ ವಿಚಲನೆಗಳನ್ನು x ಎಂದೂ ಎರಡನೆಯದರವನ್ನು y ಎಂದೂ ಕರೆದರೆ, ಮೂರು ಮೊತ್ತಗಳು ಸಾಕಾಗುತ್ತವೆ: x ವರ್ಗಗಳ ಮೊತ್ತ A, y ವರ್ಗಗಳ ಮೊತ್ತ C, ಮತ್ತು ಜೋಡಿ ಜೋಡಿಯಾಗಿ ಗುಣಿಸಿದ xyಗಳ ಮೊತ್ತ B. ಆಗ ಗುಣಾಂಕವು

r = B / √(AC)

ಎಂದಾಗುತ್ತದೆ. ಆದ್ದರಿಂದ r ತನ್ನ ಮಿತಿಯನ್ನು ಮೀರದು ಎನ್ನುವುದೂ, B² ಎಂಬುದು ACಯನ್ನು ಮೀರದು ಎನ್ನುವುದೂ ಒಂದೇ ಮಾತು.

ಈ ಎರಡನೆಯ ಮಾತನ್ನು ಫ್ರಾನ್ಸಿನ ಗಣಿತಜ್ಞ ಅಗಸ್ಟಿನ್ ಲೂಯಿ ಕೋಶಿ 1821ರಲ್ಲಿ ಪ್ರಕಟವಾದ ತನ್ನ ವಿಶ್ಲೇಷಣ ಗಣಿತದ ಪಠ್ಯದ ಕೊನೆಯಲ್ಲಿ, ಅಸಮತೆಗಳಿಗೆ ಮೀಸಲಾದ ಟಿಪ್ಪಣಿಯೊಂದರಲ್ಲಿ ಸಾಧಿಸಿ ತೋರಿಸಿದ್ದನು. ಎರಡು ಸಾಲು ಸಂಖ್ಯೆಗಳ ಗುಣಲಬ್ಧಗಳ ಮೊತ್ತದ ವರ್ಗವು ಆ ಸಾಲುಗಳ ವರ್ಗಮೊತ್ತಗಳ ಗುಣಲಬ್ಧವನ್ನು ಎಂದೂ ಮೀರದು ಎಂಬುದೇ ಅದರ ಸಾರ. ರಷ್ಯದ ವಿಕ್ಟರ್ ಬುನ್ಯಾಕೋವ್‌ಸ್ಕಿ 1859ರಲ್ಲಿ ಇದೇ ಹೇಳಿಕೆಯನ್ನು ಮೊತ್ತಗಳಿಂದ ಅನುಕಲನಗಳಿಗೆ ವಿಸ್ತರಿಸಿದನು; ಆ ಕೆಲಸದ ಅರಿವಿಲ್ಲದೆ ಜರ್ಮನಿಯ ಹರ್ಮನ್ ಶ್ವಾರ್ಟ್ಸ್ 1880ರ ದಶಕದಲ್ಲಿ, ಕನಿಷ್ಠ ವಿಸ್ತೀರ್ಣದ ಮೇಲ್ಮೈಗಳನ್ನು ಕುರಿತು ತನ್ನ ಗುರು ವೈರ್‌ಸ್ಟ್ರಾಸನ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆಂದು ಬರೆದ ಪ್ರಬಂಧದಲ್ಲಿ, ಅದನ್ನು ಮತ್ತೊಮ್ಮೆ ಕಂಡುಕೊಂಡನು. ಅಸಮತೆಗೆ ಇಂದು ಈ ಮೂವರ ಹೆಸರುಗಳೂ ಬೇರೆ ಬೇರೆ ಜೋಡಣೆಯಲ್ಲಿ ಅಂಟಿಕೊಂಡಿವೆ. ಮೂವರಲ್ಲಿ ಯಾರೊಬ್ಬರೂ ಆನುವಂಶಿಕತೆಯನ್ನಾಗಲಿ ಮನುಷ್ಯರ ಎತ್ತರವನ್ನಾಗಲಿ ಮನಸ್ಸಿನಲ್ಲಿಟ್ಟುಕೊಂಡಿರಲಿಲ್ಲ.

ಗುಣಾಂಕವು ಹುಟ್ಟಿದ್ದು ಬೇರೊಂದು ದಾರಿಯಲ್ಲಿ. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1888ರ ಡಿಸೆಂಬರಿನಲ್ಲಿ ರಾಯಲ್ ಸೊಸೈಟಿಯ ಮುಂದಿಟ್ಟ ಪ್ರಬಂಧದಲ್ಲಿ, ಸುಮಾರು 350 ಮಂದಿ ಗಂಡಸರ ಎತ್ತರ, ಎಡಗೈ ಮೊಳದ ಉದ್ದ, ತಲೆಯ ಉದ್ದ, ನಡುಬೆರಳು, ಮೊಣಕಾಲಿನ ಎತ್ತರ ಮೊದಲಾದವುಗಳನ್ನು ಒಂದರೊಡನೊಂದು ಹೋಲಿಸಿದನು. ಅವನು ಸರಾಸರಿಯ ಬದಲು ಮಧ್ಯಾಂಕವನ್ನು, ಅಂದರೆ ಸಾಲಿನ ನಟ್ಟನಡುವಿನ ಬೆಲೆಯನ್ನು, ಹಿಡಿದು, ಚತುರ್ಥಕಗಳ ನಡುವಿನ ಅಂತರದ ಅರ್ಧವನ್ನು ಅಳತೆಯ ಮೂಲಮಾನವಾಗಿಟ್ಟುಕೊಂಡು, ಬಿಂದುಗಳ ನಡುವೆ ಕಣ್ಣಂದಾಜಿನಿಂದ ಎಳೆದ ರೇಖೆಯ ಇಳಿಜಾರನ್ನೇ r ಎಂದು ಕರೆದನು. ಎತ್ತರಕ್ಕೂ ಮೊಳಕ್ಕೂ ನಡುವೆ ಅವನಿಗೆ 0.8 ದೊರೆಯಿತು, ಎತ್ತರಕ್ಕೂ ತಲೆಯ ಉದ್ದಕ್ಕೂ ನಡುವೆ 0.35. ಅವನ ಪಟ್ಟಿಯಲ್ಲಿ ಋಣ ಬೆಲೆ ಒಂದೂ ಇರಲಿಲ್ಲ. ಪ್ರಾಣಿಶಾಸ್ತ್ರಜ್ಞ ವೆಲ್ಡನ್ 1890ರ ದಶಕದ ಆರಂಭದಲ್ಲಿ ಸೀಗಡಿಗಳ ಅಂಗಾಂಗಗಳನ್ನು ಅಳೆಯತೊಡಗಿದ ಮೇಲೆಯೇ ಸೊನ್ನೆಯ ಕೆಳಗಿನ ಬೆಲೆಗಳಿಗೂ ಅರ್ಥವುಂಟೆಂಬುದು ಸ್ಪಷ್ಟವಾಯಿತು. ಕಣ್ಣಂದಾಜಿನ ರೇಖೆಯ ಇಳಿಜಾರನ್ನು ಕಟ್ಟಿಹಾಕುವ ಅಸಮತೆ ಯಾವುದೂ ಇಲ್ಲವಾದುದರಿಂದ, ಗಾಲ್ಟನನ rಗೆ 1ರ ಮಿತಿಯು ಅನುಭವದ ಮಾತಾಗಿತ್ತೇ ಹೊರತು ಸಾಧಿಸಿದ ಪ್ರಮೇಯವಾಗಿರಲಿಲ್ಲ.

ಗುಣಲಬ್ಧಗಳ ಮೊತ್ತದಿಂದ ಲೆಕ್ಕಹಾಕುವ ಇಂದಿನ ಸೂತ್ರವನ್ನು ನೆಲೆಗೊಳಿಸಿದವನು ಕಾರ್ಲ್ ಪಿಯರ್ಸನ್. ಅವನ 1896ರ ಪ್ರಬಂಧವು ಎರಡು ಚರಗಳ ಪ್ರಸಾಮಾನ್ಯ ವಿತರಣೆಯಿಂದ, ಎಂದರೆ ಗಂಟೆಯಾಕಾರದ ವಿತರಣೆಯ ಎರಡು ಆಯಾಮದ ರೂಪದಿಂದ, ಹೊರಟಿತು. ಆ ವಿತರಣೆಯ ಸೂತ್ರದಲ್ಲಿ 1 − r² ಎಂಬುದು ವರ್ಗಮೂಲದ ಒಳಗೆ, ಅದೂ ಛೇದದಲ್ಲಿ, ಕುಳಿತಿರುವುದರಿಂದ r ಮಿತಿಯೊಳಗಿಲ್ಲದೆ ವಿತರಣೆಯೇ ಇರದು. ಇಲ್ಲಿ ಮಿತಿಯು ವಿತರಣೆಯ ಬೆನ್ನೇರಿ ತಾನಾಗಿ ಒಳಬರುತ್ತದೆ. ವಿತರಣೆಯ ಹಂಗನ್ನು ಬಿಡಿಸಿದವನು ಪಿಯರ್ಸನನ ಸಹಾಯಕನಾಗಿದ್ದ ಉಡ್ನಿ ಯೂಲ್. 1897ರಲ್ಲಿ ಅವನು ದತ್ತಾಂಶಗಳ ಸ್ವರೂಪದ ಬಗ್ಗೆ ಯಾವ ಊಹೆಯನ್ನೂ ಮಾಡದೆ, ಉಳಿಕೆಗಳ ವರ್ಗಮೊತ್ತವು ಅತ್ಯಂತ ಕಡಿಮೆಯಾಗುವಂತೆ ಒಂದು ಸರಳರೇಖೆಯನ್ನು ಹೊಂದಿಸಿ, ಆ ಕನಿಷ್ಠ ಮೊತ್ತವು C(1 − r²) ಆಗುತ್ತದೆಂದು ತೋರಿಸಿದನು. ವರ್ಗಗಳ ಮೊತ್ತವು ಋಣವಾಗಲಾರದು. ಆದ್ದರಿಂದ r² ಕೂಡ 1ನ್ನು ಮೀರಲಾರದು. ಯೂಲನ ಈ ವಾದವು ಕೋಶಿಯ ಅಸಮತೆಯ ಸಾಧನೆಯೇ ಆಗಿದೆ.

ಸಾಧನೆಯ ಹೆಜ್ಜೆಗಳು ಕೆಲವೇ. t ಎಂಬ ಯಾವುದೇ ಸಂಖ್ಯೆಯನ್ನು ತೆಗೆದುಕೊಂಡು ಪ್ರತಿ ಜೋಡಿಗೂ y − tx ಎಂಬ ಉಳಿಕೆಯನ್ನು ಲೆಕ್ಕಹಾಕಿ, ಅದನ್ನು ವರ್ಗಮಾಡಿ ಕೂಡಿಸಿದರೆ

Σ(y − tx)² = C − 2tB + t²A ≥ 0

ಎಂದು ದೊರೆಯುತ್ತದೆ. ಎಡಗಡೆಯಲ್ಲಿ ವರ್ಗಗಳೇ ಇರುವುದರಿಂದ t ಏನೇ ಆದರೂ ಈ ಮಾತು ನಿಜ; ಹಾಗಾಗಿ ಮೊತ್ತವನ್ನು ಅತ್ಯಂತ ಕಿರಿದಾಗಿಸುವ t = B/A ಎಂಬ ಬೆಲೆಗೂ ಅದು ನಿಜ. ಆ ಬೆಲೆಯನ್ನು ಇಟ್ಟಾಗ C − B²/A ≥ 0 ಎಂದೂ, A ಧನಸಂಖ್ಯೆಯಾದುದರಿಂದ B² ≤ AC ಎಂದೂ ಬರುತ್ತದೆ. ಶ್ವಾರ್ಟ್ಸನು ಇದನ್ನೇ ಇನ್ನೊಂದು ಬಗೆಯಲ್ಲಿ ನೋಡಿದನು: tಯಲ್ಲಿ ಬರೆದ ಈ ವರ್ಗ ಬಹುಪದವು ಎಂದೂ ಋಣವಾಗದ ಕಾರಣ ಅದಕ್ಕೆ ಎರಡು ಬೇರೆ ಬೇರೆ ವಾಸ್ತವ ಮೂಲಗಳಿರಲಾರವು, ಆದ್ದರಿಂದ ಅದರ ಶೋಧಕವು ಸೊನ್ನೆಯನ್ನು ಮೀರಲಾರದು. ಸಮತೆ ಒದಗುವುದು ಉಳಿಕೆಗಳೆಲ್ಲ ಸೊನ್ನೆಯಾದಾಗ ಮಾತ್ರ. ಅಂದರೆ r ಎಂಬುದು 1 ಅಥವಾ −1 ಆಗಬೇಕಾದರೆ ಬಿಂದುಗಳೆಲ್ಲವೂ ಒಂದೇ ಸರಳರೇಖೆಯ ಮೇಲೆ ಕೂರಬೇಕು. A ಅಥವಾ C ಸೊನ್ನೆಯಾದರೆ, ಎಂದರೆ ಒಂದು ಅಳತೆ ಎಲ್ಲರಲ್ಲೂ ಒಂದೇ ಆಗಿದ್ದರೆ, ಅಸಮತೆಗೆ ಧಕ್ಕೆಯಿಲ್ಲವಾದರೂ ಗುಣಾಂಕಕ್ಕೆ ಅರ್ಥವಿರುವುದಿಲ್ಲ, ಏಕೆಂದರೆ ಸೊನ್ನೆಯಿಂದ ಭಾಗಿಸುವ ಪ್ರಸಂಗ ಬರುತ್ತದೆ.

ಗಾಲ್ಟನನ ಎರಡು ಅಳತೆಗಳನ್ನೇ ಇಟ್ಟುಕೊಂಡು, ಲೆಕ್ಕ ಹಗುರಾಗುವಂತೆ ಹೊಂದಿಸಿದ ಕಾಲ್ಪನಿಕ ಉದಾಹರಣೆಯೊಂದನ್ನು ನೋಡಬಹುದು. ಐದು ಮಂದಿಯ ಎತ್ತರ 168, 169, 170, 171, 172 ಸೆಂಟಿಮೀಟರ್ ಇದ್ದು, ಅದೇ ಕ್ರಮದಲ್ಲಿ ಅವರ ಮೊಳದ ಉದ್ದ 45, 44, 46, 48, 47 ಸೆಂಟಿಮೀಟರ್ ಇರಲಿ. ಸರಾಸರಿಗಳು 170 ಮತ್ತು 46; ವಿಚಲನೆಗಳು −2, −1, 0, 1, 2 ಮತ್ತು −1, −2, 0, 2, 1. A ಮತ್ತು C ಎರಡೂ 10, B ಎಂಬುದು 2 + 2 + 0 + 2 + 2 = 8, ಆದ್ದರಿಂದ r = 0.8. ಇನ್ನು t = 0.8 ಎಂದಿಟ್ಟು ಉಳಿಕೆಗಳನ್ನು ತೆಗೆದರೆ 0.6, −1.2, 0, 1.2, −0.6 ಬರುತ್ತವೆ, ಅವುಗಳ ವರ್ಗಮೊತ್ತ 3.6. ಯೂಲನ ಸೂತ್ರ ಕೊಡುವುದೂ 10 × (1 − 0.64) = 3.6 ಅನ್ನೇ. ಗುಣಾಂಕವು 1ಕ್ಕಿಂತ ಎಷ್ಟು ಹಿಂದೆ ಉಳಿಯಿತೋ ಅದಕ್ಕೆ ಕಾರಣ ಈ ಉಳಿಕೆಗಳೇ, ಬೇರೇನೂ ಅಲ್ಲ.

ACಯಿಂದ B²ನ್ನು ಕಳೆದರೆ ಇಲ್ಲಿ 100 − 64 = 36 ಉಳಿಯುತ್ತದೆ. ಈ ಅಂತರವನ್ನು ನೇರವಾಗಿ ಪಡೆಯುವ ಸಮೀಕರಣವೂ ಇದ್ದು, ಅದಕ್ಕೆ ಲಗ್ರಾಂಜನ ಹೆಸರಿದೆ: ಇಬ್ಬಿಬ್ಬರನ್ನು ಜೋಡಿಯಾಗಿ ಹಿಡಿದು, ಒಬ್ಬನ xನ್ನು ಇನ್ನೊಬ್ಬನ yಯಿಂದ ಅಡ್ಡಡ್ಡವಾಗಿ ಗುಣಿಸಿ, ಎರಡು ಗುಣಲಬ್ಧಗಳ ವ್ಯತ್ಯಾಸವನ್ನು ವರ್ಗಮಾಡಿ, ಎಲ್ಲ ಜೋಡಿಗಳಿಗೂ ಕೂಡಿಸಿದರೆ AC − B² ಬರುತ್ತದೆ. ಮೇಲಿನ ಹತ್ತು ಜೋಡಿಗಳಲ್ಲಿ ಆರು ಸೊನ್ನೆಯನ್ನೂ ನಾಲ್ಕು ತಲಾ 9ನ್ನೂ ಕೊಡುವುದರಿಂದ ಮೊತ್ತ 36 ಆಗುತ್ತದೆ. ಅಸಮತೆಯನ್ನು ಬರಿಯ ನಿಷೇಧವಾಗಿ ಬಿಡದೆ, ಎಷ್ಟು ಕಡಿಮೆ ಬಿತ್ತು ಮತ್ತು ಯಾವ ಜೋಡಿಗಳಿಂದ ಕಡಿಮೆ ಬಿತ್ತು ಎಂಬುದನ್ನೂ ಹೇಳುವ ಈ ರೂಪವು ಪಠ್ಯಪುಸ್ತಕಗಳಲ್ಲಿ ಇರುವುದಕ್ಕಿಂತ ಹೆಚ್ಚಿನ ಸ್ಥಾನಕ್ಕೆ ಅರ್ಹವಾದುದು.

ಸಾಧನೆಯು ಒಂದು ಷರತ್ತನ್ನು ಮೌನವಾಗಿ ಬಳಸಿಕೊಳ್ಳುತ್ತದೆ: A, B, C ಮೂರೂ ಒಂದೇ ಜೋಡಿಗಳಿಂದ, ಒಂದೇ ಬಗೆಯಲ್ಲಿ ಲೆಕ್ಕಹಾಕಿದವಾಗಿರಬೇಕು. ಇದನ್ನು ಮೀರಿದಾಗ ಮಿತಿಯೂ ಕಳಚಿಬೀಳುತ್ತದೆ. ಗುಣಲಬ್ಧಗಳ ಮೊತ್ತವನ್ನು n − 1ರಿಂದಲೂ ವರ್ಗಮೊತ್ತಗಳನ್ನು nನಿಂದಲೂ ಭಾಗಿಸುವುದು ಸಾಮಾನ್ಯವಾಗಿ ಕಾಣುವ ತಪ್ಪು. ಪೈಥಾನ್ ಭಾಷೆಯ NumPyಯಲ್ಲಿ np.cov ಮೊದಲನೆಯದನ್ನೂ np.std ಎರಡನೆಯದನ್ನೂ ತಾವಾಗಿ ಆರಿಸಿಕೊಳ್ಳುವುದರಿಂದ, ಎರಡನ್ನೂ ಒಟ್ಟಿಗೆ ಬಳಸುವವರು ಅರಿಯದೆಯೇ ಅದಕ್ಕೆ ಸಿಕ್ಕಿಬೀಳುತ್ತಾರೆ. ಆಗ ನಿಜವಾದ ಗುಣಾಂಕವು n/(n − 1) ಪಟ್ಟು ಹಿಗ್ಗುತ್ತದೆ. ಐದು ಬಿಂದುಗಳು ಒಂದೇ ರೇಖೆಯ ಮೇಲಿದ್ದರೆ 1.25 ಬಂದು ತಪ್ಪು ಕೂಡಲೇ ಬಯಲಾಗುತ್ತದೆ. ಆದರೆ ಮೇಲಿನ ಉದಾಹರಣೆಯಲ್ಲಿ 0.8ರ ಬದಲು ಸರಿಯಾಗಿ 1 ಬರುತ್ತದೆ, ಮತ್ತು ಬಿಂದುಗಳು ಒಂದೇ ರೇಖೆಯ ಮೇಲಿಲ್ಲ ಎಂಬುದನ್ನು ಗಮನಿಸದವನು ಅದನ್ನು ನಂಬಿಯೂ ಬಿಡಬಹುದು. ಕೆಲವರ ಒಂದು ಅಳತೆ ಸಿಗದೆ ಹೋಗಿರುವಾಗ, Bಯನ್ನು ಪೂರ್ಣ ಜೋಡಿಗಳಿಂದ ತೆಗೆದು, ವರ್ಗಗಳ ಸರಾಸರಿಗಳನ್ನು ಮಾತ್ರ ಸಿಕ್ಕ ಎಲ್ಲ ಅಳತೆಗಳಿಂದ ತೆಗೆದರೂ ಇದೇ ಗತಿ.

ಈ ವಿಷಯವು ಬಹಿರಂಗ ವಿವಾದವಾಗಿಯೂ ಕಾಣಿಸಿಕೊಂಡಿತು. ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಸ್ಪಿಯರ್‌ಮನ್ 1904ರಲ್ಲಿ, ಅಳತೆಯ ದೋಷಗಳಿಂದ ಗುಣಾಂಕವು ಕುಗ್ಗುತ್ತದೆಂದು ಕಂಡು, ಅದನ್ನು ಎರಡೂ ಅಳತೆಗಳ ವಿಶ್ವಾಸಾರ್ಹತಾ ಗುಣಾಂಕಗಳ ಗುಣಲಬ್ಧದ ವರ್ಗಮೂಲದಿಂದ ಭಾಗಿಸಿ ಸರಿಪಡಿಸುವ ಸೂತ್ರವನ್ನು ಮುಂದಿಟ್ಟನು. ಕಂಡ ಗುಣಾಂಕ 0.6 ಇದ್ದು, ವಿಶ್ವಾಸಾರ್ಹತೆಗಳು 0.5 ಮತ್ತು 0.6 ಇದ್ದರೆ ಸರಿಪಡಿಸಿದ ಬೆಲೆ ಸುಮಾರು 1.1 ಆಗುತ್ತದೆ. 1ನ್ನು ಮೀರುವ ಗುಣಾಂಕವನ್ನು ಕೊಡುವ ಸೂತ್ರವನ್ನು ಪಿಯರ್ಸನ್ ಒಪ್ಪಲಿಲ್ಲ. ವಾಸ್ತವವಾಗಿ ಇಲ್ಲಿ ಕೋಶಿಯ ಅಸಮತೆಗೆ ಏನೂ ಆಗಿಲ್ಲ. ವಿಶ್ವಾಸಾರ್ಹತೆಗಳು ಬೇರೆ ಅಳತೆಗಳಿಂದ ಬಂದ ಅಂದಾಜುಗಳಾಗಿರುವುದರಿಂದ ಸರಿಪಡಿಸಿದ ಸಂಖ್ಯೆಯು B / √(AC) ಎಂಬ ರೂಪದಲ್ಲಿಯೇ ಇಲ್ಲ. ಅಂತಹ ಉತ್ತರ ಬಂದಾಗ ವಿಶ್ವಾಸಾರ್ಹತೆಯ ಅಂದಾಜು ತೀರ ಕಡಿಮೆಯಾಗಿದೆಯೇ, ಮಾದರಿ ಚಿಕ್ಕದಾಗಿದೆಯೇ, ಎರಡು ಅಳತೆಗಳ ದೋಷಗಳು ತಮ್ಮತಮ್ಮಲ್ಲೇ ಸಂಬಂಧಿಸಿವೆಯೇ ಎಂದು ನೋಡಬೇಕಾಗುತ್ತದೆ.

ದತ್ತಾಂಶಗಳ ಬದಲು ಯಾದೃಚ್ಛಿಕ ಚರಗಳನ್ನು ತೆಗೆದುಕೊಂಡರೂ, ಮೊತ್ತಗಳ ಜಾಗದಲ್ಲಿ ನಿರೀಕ್ಷಿತ ಬೆಲೆಗಳನ್ನಿಟ್ಟು ಅದೇ ಸಾಧನೆಯನ್ನು ನಡೆಸಬಹುದು. ಎರಡೂ ಚರಗಳ ವಿಚಲನ ವರ್ಗಗಳ ನಿರೀಕ್ಷಿತ ಬೆಲೆಗಳು ಪರಿಮಿತವಾಗಿರಬೇಕೆಂಬುದಷ್ಟೇ ಹೊಸ ಷರತ್ತು. ಈ ರೂಪದ ಪ್ರಸಿದ್ಧ ಬಳಕೆಯೊಂದು, ಈಗಿನ ವಿಜಯನಗರ ಜಿಲ್ಲೆಯ ಹೂವಿನಹಡಗಲಿಯಲ್ಲಿ 1920ರಲ್ಲಿ ಜನಿಸಿದ ಸಿ. ಆರ್. ರಾವ್ ಅವರು ಕಲ್ಕತ್ತೆಯಲ್ಲಿದ್ದಾಗ 1945ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿದೆ. ಪಕ್ಷಪಾತವಿಲ್ಲದ ಯಾವುದೇ ಅಂದಾಜಿಗೂ, ಸಂಭಾವ್ಯತೆಯ ಲಾಗರಿದಮ್ಮು ಅಜ್ಞಾತ ಪ್ರಮಾಣದೊಡನೆ ಬದಲಾಗುವ ದರಕ್ಕೂ ನಡುವೆ Bಯ ಸ್ಥಾನದಲ್ಲಿ ಬರುವ ಬೆಲೆ, ವಾಡಿಕೆಯ ನಿಯಮಿತತೆಯ ಷರತ್ತುಗಳಡಿ, 1 ಎಂದು ತೋರಿಸಿದ ಮೇಲೆ, B² ≤ AC ಎಂಬುದರಿಂದ ಅಂದಾಜಿನ ವಿಚಲನ ವರ್ಗವು ಆ ದರದ ವಿಚಲನ ವರ್ಗದ, ಎಂದರೆ ಫಿಷರ್ ಮಾಹಿತಿಯ, ವ್ಯುತ್ಕ್ರಮಕ್ಕಿಂತ ಕಡಿಮೆಯಾಗಲಾರದೆಂದು ನೇರವಾಗಿ ಸಿದ್ಧವಾಗುತ್ತದೆ. ಕ್ರೇಮರ್–ರಾವ್ ಅಸಮತೆ ಎಂದು ಕರೆಯಲ್ಪಡುವ ಈ ಮಿತಿಯನ್ನು ಒಂದು ಅಂದಾಜು ಸರಿಯಾಗಿ ಮುಟ್ಟುವುದು, ಆ ಎರಡು ಚರಗಳ ನಡುವಿನ ಸಹಸಂಬಂಧ ಗುಣಾಂಕವು ಸರಿಯಾಗಿ 1 ಆದಾಗ ಮಾತ್ರ.