ಫೋಟೊ ನೋಡಿ ಶುಗರ್ ಸ್ಟ್ರಿಪ್, ಬಿಪಿ ಪಟ್ಟಿ ತರಿಸಬಹುದೇ? ಮೊದಲು ಮೆಷಿನ್ ತಿರುಗಿಸಿ

ಕುಟುಂಬದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಒಂದು ಫೋಟೊ ಬರುತ್ತದೆ. ಮೇಜಿನ ಮೇಲೆ ಶುಗರ್ ನೋಡುವ ಮೆಷಿನ್, ಕೆಳಗೆ ಒಂದು ಸಾಲು: ‘ಇದಕ್ಕೆ ಸ್ಟ್ರಿಪ್ ಬೇಕು, ಯಾರಾದರೂ ಆರ್ಡರ್ ಮಾಡಿ.’ ಯಾರೋ ಕಂಪನಿಯ ಹೆಸರು ನೋಡಿ ತಕ್ಷಣ ತರಿಸುತ್ತಾರೆ. ಡಬ್ಬಿ ಮನೆಗೆ ಬಂದ ಮೇಲೆ ಸ್ಟ್ರಿಪ್ ಒಳಗೆ ಹೋಗುವುದಿಲ್ಲ, ಇಲ್ಲವೇ ಮೆಷಿನ್ ‘ಎರರ್’ ತೋರಿಸುತ್ತದೆ. ಡಬ್ಬಿಯ ಸೀಲ್ ತೆಗೆದಿದ್ದರೆ ಅಂಗಡಿಯವರು ವಾಪಸ್ ಪಡೆಯುವುದೂ ಕಷ್ಟ.

ಫೋಟೊ ನೋಡಿ ಸರಿಯಾದ ಸ್ಟ್ರಿಪ್ ಅಥವಾ ಪಟ್ಟಿ ತರಿಸಲು ಖಂಡಿತ ಸಾಧ್ಯ. ಆದರೆ ಅದಕ್ಕೆ ಮೆಷಿನ್ನಿನ ಮುಂಭಾಗದ ಫೋಟೊ ಸಾಲದು, ಹಿಂಭಾಗದ ಲೇಬಲ್ ಬೇಕು. ಬಿಪಿ ಮೆಷಿನ್ ಆದರೆ ಲೇಬಲ್ ಜೊತೆಗೆ ತೋಳಿನ ಅಳತೆಯೂ ಬೇಕು. ಯಾಕೆ ಎಂದು ಮುಂದೆ ನೋಡೋಣ.

‘ಒಂದೇ ಕಂಪನಿಯದ್ದಲ್ಲವೇ, ಹೊಂದುತ್ತದೆ’ ಎನ್ನುವುದು ನಿಜವೇ?

ಇಲ್ಲ. ಸ್ಟ್ರಿಪ್ ಬರೀ ರಕ್ತ ಹೀರುವ ಕಾಗದವಲ್ಲ, ಅಳೆಯುವ ಕೆಲಸದ ಅರ್ಧ ಭಾಗ ನಡೆಯುವುದೇ ಅದರಲ್ಲಿ. ಇಂದಿನ ಬಹುಪಾಲು ಸ್ಟ್ರಿಪ್‌ಗಳ ತುದಿಯಲ್ಲಿ ಒಂದು ಕಿಣ್ವ ಇರುತ್ತದೆ. ರಕ್ತದ ಗ್ಲೂಕೋಸ್ ಅದರೊಂದಿಗೆ ವರ್ತಿಸಿದಾಗ ಬಹಳ ಸಣ್ಣ ವಿದ್ಯುತ್ ಪ್ರವಾಹ ಹುಟ್ಟುತ್ತದೆ. ಇಷ್ಟು ಪ್ರವಾಹ ಬಂದರೆ ಇಷ್ಟು ಸಕ್ಕರೆ ಎಂಬ ಲೆಕ್ಕ ಮೆಷಿನ್ನಿನೊಳಗೆ ಇರುತ್ತದೆ. ಆ ಲೆಕ್ಕವನ್ನು ಒಂದು ನಿರ್ದಿಷ್ಟ ಜಾತಿಯ ಸ್ಟ್ರಿಪ್‌ಗಾಗಿಯೇ ಮಾಡಿರುತ್ತಾರೆ. ಕೆಲವು ಮೆಷಿನ್‌ಗಳು ವಿದ್ಯುತ್ತನ್ನು ಅಳೆಯುವುದೇ ಇಲ್ಲ. ಉದಾಹರಣೆಗೆ ಅಕ್ಯು-ಚೆಕ್ ಆ್ಯಕ್ಟಿವ್ ಸ್ಟ್ರಿಪ್‌ನ ಬಣ್ಣ ಎಷ್ಟು ಬದಲಾಯಿತು ಎಂದು ಬೆಳಕು ಹಾಯಿಸಿ ನೋಡುತ್ತದೆ. ಅದೇ ಕಂಪನಿಯ ಅಕ್ಯು-ಚೆಕ್ ಇನ್‌ಸ್ಟಂಟ್ ವಿದ್ಯುತ್ ಅಳೆಯುತ್ತದೆ. ಇವೆರಡರ ಸ್ಟ್ರಿಪ್ ಅದಲು ಬದಲು ಮಾಡಲು ದಾರಿಯೇ ಇಲ್ಲ.

ಹೊಂದದ ಸ್ಟ್ರಿಪ್‌ಗೆ ಮೆಷಿನ್ ಎರರ್ ತೋರಿಸಿದರೆ ಅದು ಅದೃಷ್ಟ ಎನ್ನಬೇಕು, ಹೋಗಿದ್ದು ದುಡ್ಡು ಮಾತ್ರ. ಎರರ್ ಬಾರದೆ ಯಾವುದೋ ಒಂದು ಅಂಕಿ ಬಂದರೆ ಅಪಾಯ ಹೆಚ್ಚು. ಆ ಅಂಕಿ ನೋಡಿ ಇನ್ಸುಲಿನ್ ಪ್ರಮಾಣ ಬದಲಿಸುವವರು ನಮ್ಮ ಮನೆಗಳಲ್ಲೇ ಇದ್ದಾರೆ. ‘ನಾವು ಬೇರೆ ಸ್ಟ್ರಿಪ್ ಹಾಕಿ ನೋಡಿದೆವು, ಲ್ಯಾಬ್ ರಿಪೋರ್ಟಿಗೆ ಹತ್ತಿರವೇ ಬಂತು’ ಎಂದು ಕೆಲವರು ವಾದಿಸುತ್ತಾರೆ. ಒಂದು ಸಲ ಹತ್ತಿರ ಬಂದದ್ದು ಪುರಾವೆ ಆಗುವುದಿಲ್ಲ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಸರಿಯಾದ ಸ್ಟ್ರಿಪ್ ಹಾಕಿದಾಗಲೂ, ಸಕ್ಕರೆ 100ಕ್ಕಿಂತ ಹೆಚ್ಚಿದ್ದರೆ, ರೀಡಿಂಗ್ ಲ್ಯಾಬಿನದಕ್ಕಿಂತ ಶೇ. 15ರವರೆಗೆ ಆಚೀಚೆ ಇರಬಹುದು. ಅಂದರೆ ಲ್ಯಾಬಿನಲ್ಲಿ 140 ಇದ್ದಾಗ ಮನೆಯ ಮೆಷಿನ್ 119 ತೋರಿಸಿದರೂ 161 ತೋರಿಸಿದರೂ ಅದು ಒಪ್ಪಿತ ಮಿತಿಯೊಳಗೇ. ಈ ಭರವಸೆ ಇರುವುದು ಮೆಷಿನ್ ಮತ್ತು ಅದರದೇ ಸ್ಟ್ರಿಪ್‌ನ ಜೋಡಿಗೆ ಮಾತ್ರ.

ಹೆಸರಿನ ಒಂದು ಪದ ತಪ್ಪಿದರೆ

ಹಾವೇರಿಯಲ್ಲಿರುವ ತಂದೆ ಮೆಷಿನ್ನಿನ ಫೋಟೊ ಕಳಿಸಿದ್ದಾರೆ, ಬೆಂಗಳೂರಿನಲ್ಲಿರುವ ಮಗಳು ಸ್ಟ್ರಿಪ್ ತರಿಸಬೇಕು ಎಂದಿಟ್ಟುಕೊಳ್ಳಿ. ಫೋಟೊದಲ್ಲಿ ಮೇಲ್ಗಡೆ ‘ಒನ್‌ಟಚ್’ ಎಂದಿದೆ, ಕೆಳಗೆ ‘ಸಿಂಪಲ್’ ಎಂದು ಕಾಣುತ್ತದೆ, ನಡುವಿನ ಅಕ್ಷರಗಳ ಮೇಲೆ ಬೆಳಕು ಬಿದ್ದು ಬಿಳಿಯಾಗಿದೆ. ಈ ಕಂಪನಿಯಲ್ಲಿ ‘ಒನ್‌ಟಚ್ ಸೆಲೆಕ್ಟ್ ಸಿಂಪಲ್’ ಎಂಬುದೂ ಇದೆ, ‘ಒನ್‌ಟಚ್ ಸೆಲೆಕ್ಟ್ ಪ್ಲಸ್ ಸಿಂಪಲ್’ ಎಂಬುದೂ ಇದೆ. ಮೊದಲನೆಯದಕ್ಕೆ ‘ಸೆಲೆಕ್ಟ್’ ಸ್ಟ್ರಿಪ್ ಬೇಕು, ಎರಡನೆಯದಕ್ಕೆ ‘ಸೆಲೆಕ್ಟ್ ಪ್ಲಸ್’ ಸ್ಟ್ರಿಪ್. ಒಂದರದ್ದು ಇನ್ನೊಂದಕ್ಕೆ ಆಗದು. ಶಾಪಿಂಗ್ ಆ್ಯಪ್‌ನ ಕ್ಯಾಮೆರಾ ಗುರುತು ಒತ್ತಿ ಫೋಟೊ ಹುಡುಕಿದರೂ ಉಪಯೋಗ ಕಡಿಮೆ. ಅದು ಹೋಲುವ ಆಕಾರದ ಮೆಷಿನ್‌ಗಳನ್ನು ತೋರಿಸುತ್ತದೆ, ನಮಗೆ ಬೇಕಾದ ಆ ‘ಪ್ಲಸ್’ ಪದವನ್ನು ಖಚಿತಪಡಿಸುವುದಿಲ್ಲ.

ಆಗ ಮಗಳು ಮಾಡಬೇಕಾದದ್ದು ಒಂದು ಫೋನ್. ‘ಅಪ್ಪಾ, ಮೆಷಿನ್ ತಿರುಗಿಸಿ ಹಿಂದಿನ ಲೇಬಲ್ ಫೋಟೊ ಕಳಿಸಿ. ಹಳೇ ಸ್ಟ್ರಿಪ್ ಡಬ್ಬಿ ಇದ್ದರೆ ಎಸೆಯಬೇಡಿ, ಅದರದ್ದೂ ಒಂದು ಕಳಿಸಿ.’ ನಮ್ಮ ಮಟ್ಟಿಗೆ ಹಳೆಯ ಡಬ್ಬಿಯ ಫೋಟೊ ಎಲ್ಲಕ್ಕಿಂತ ಒಳ್ಳೆಯ ಸಾಕ್ಷಿ, ಏಕೆಂದರೆ ಆ ಸ್ಟ್ರಿಪ್ ಆ ಮೆಷಿನ್ನಿನಲ್ಲಿ ಈಗಾಗಲೇ ಕೆಲಸ ಮಾಡಿದೆ. ಡಬ್ಬಿ ಸಿಗದಿದ್ದರೆ ಮೆಡಿಕಲ್ ಶಾಪಿನ ಹಳೆಯ ಬಿಲ್ ನೋಡಬಹುದು, ಅದರಲ್ಲಿ ಸ್ಟ್ರಿಪ್‌ನ ಹೆಸರು ಇರುತ್ತದೆ.

ಇಂಥ ಜೋಡಿ ಹೆಸರು ಬೇರೆ ಕಂಪನಿಗಳಲ್ಲೂ ಇವೆ. ಕಾಂಟೂರ್ ಟಿಎಸ್ ಬೇರೆ, ಕಾಂಟೂರ್ ಪ್ಲಸ್ ಬೇರೆ. ಆದರೆ ಇದಕ್ಕೆ ಉಲ್ಟಾ ಕೂಡ ಉಂಟು. ಕಾಂಟೂರ್ ಪ್ಲಸ್, ಕಾಂಟೂರ್ ಪ್ಲಸ್ ಒನ್, ಕಾಂಟೂರ್ ಪ್ಲಸ್ ಎಲೀಟ್ ಎಂಬ ಮೂರು ಮೆಷಿನ್‌ಗಳಿಗೂ ಕಾಂಟೂರ್ ಪ್ಲಸ್ ಸ್ಟ್ರಿಪ್ ಒಂದೇ ಸಾಕು. ಹಾಗಾಗಿ ಮೆಷಿನ್ನಿನ ಪೂರ್ತಿ ಹೆಸರು ತಿಳಿದ ಮೇಲೆ ಸ್ಟ್ರಿಪ್ ಪೆಟ್ಟಿಗೆಯ ಮೇಲೆ ಆ ಹೆಸರು ಇದೆಯೇ ಎಂದು ಹೋಲಿಸಿ ನೋಡಿ. ‘ಎಲ್ಲ ಕಾಂಟೂರ್‌ಗೂ ಆಗುತ್ತದೆ’ ಎಂಬ ಅಂಗಡಿಯವರ ಮಾತು ಸಾಲದು.

ಲೇಬಲ್‌ನಲ್ಲಿ ಯಾವುದು ಮಾಡೆಲ್?

ಹಿಂಭಾಗದಲ್ಲಿ ಅಂಕಿಗಳು ಬಹಳ ಇರುವುದರಿಂದ ಇಲ್ಲೂ ಜನ ಎಡವುತ್ತಾರೆ. `SN` ಗುರುತಿನ ಪಕ್ಕದ್ದು ಆ ಒಂದು ಮೆಷಿನ್ನಿಗೆ ಮಾತ್ರ ಇರುವ ಕ್ರಮಸಂಖ್ಯೆ, ಅದನ್ನು ಹುಡುಕಿದರೆ ಏನೂ ಸಿಗದು. `LOT` ಎಂದರೆ ತಯಾರಾದ ತಂಡದ ಸಂಖ್ಯೆ. ನಮಗೆ ಬೇಕಾದದ್ದು `Model` ಎಂಬ ಪದದ ಅಥವಾ `REF` ಗುರುತಿನ ಪಕ್ಕ ಇರುವುದು. ಸ್ಟ್ರಿಪ್ ಡಬ್ಬಿಯಲ್ಲಿ ಮರಳು ಗಡಿಯಾರದ ಚಿತ್ರದ ಪಕ್ಕ ಇರುವುದು ಬಳಕೆಯ ಕೊನೆಯ ದಿನಾಂಕ.

ಫೋಟೊ ತೆಗೆಯುವಾಗ ಫ್ಲ್ಯಾಶ್ ಬೇಡ, ಹೊಳಪಿನ ಲೇಬಲ್ ಮೇಲೆ ಅದು ಬಿಳಿ ಕಲೆಯಾಗುತ್ತದೆ. ಕಿಟಕಿಯ ಪಕ್ಕ ಮೆಷಿನ್ ಇಟ್ಟು, ಸ್ವಲ್ಪ ವಾರೆಯಾಗಿ ಹಿಡಿದು, ಒಂದು ಗೇಣು ದೂರದಿಂದ ತೆಗೆದರೆ ಸಾಕು. ವಾಟ್ಸ್‌ಆ್ಯಪ್ ಫೋಟೊವನ್ನು ಕುಗ್ಗಿಸಿ ಕಳಿಸುವುದರಿಂದ ಸಣ್ಣ ಅಕ್ಷರ ಮಸುಕಾಗುತ್ತದೆ. ಕಳಿಸುವ ಮುನ್ನ ಮೇಲಿರುವ `HD` ಒತ್ತಿ, ಇಲ್ಲವೇ ಫೋಟೊವನ್ನು ಡಾಕ್ಯುಮೆಂಟ್ ಆಗಿ ಕಳಿಸಿ. ಲೇಬಲ್ ಸವೆದು ಹೋಗಿದ್ದರೆ ಬ್ಯಾಟರಿ ಮುಚ್ಚಳ ತೆಗೆದು ಒಳಗೆ ನೋಡಿ, ಕೆಲವು ಮೆಷಿನ್‌ಗಳಲ್ಲಿ ಅಲ್ಲಿಯೂ ಬರೆದಿರುತ್ತದೆ.

ಪರದೆಯ ಫೋಟೊ ಕೂಡ ಒಂದು ವಿಷಯ ಹೇಳುತ್ತದೆ. ನಮ್ಮಲ್ಲಿ ಬಳಕೆಯಲ್ಲಿರುವ ಮೆಷಿನ್‌ಗಳು `mg/dL` ಲೆಕ್ಕದಲ್ಲಿ 99, 126 ಎಂದು ತೋರಿಸುತ್ತವೆ. ಪರದೆಯಲ್ಲಿ 5.5 ಅಥವಾ 7.0 ಎಂಬಂತೆ ಚುಕ್ಕಿ ಇರುವ ಅಂಕಿ ಇದ್ದು ಪಕ್ಕದಲ್ಲಿ `mmol/L` ಎಂದಿದ್ದರೆ, ಅದು ಬ್ರಿಟನ್, ಕೆನಡಾ, ಆಸ್ಟ್ರೇಲಿಯಾದಂಥ ಕಡೆಯಿಂದ ಮಕ್ಕಳು ತಂದುಕೊಟ್ಟ ಮೆಷಿನ್ ಆಗಿರಬಹುದು. 18ರಿಂದ ಗುಣಿಸಿದರೆ ನಮ್ಮ ಅಂಕಿ ಸಿಗುತ್ತದೆ, 7.0 ಎಂದರೆ 126. ಆದರೆ ಅಲ್ಲಿನ ಮಾಡೆಲ್‌ನ ಸ್ಟ್ರಿಪ್ ಇಲ್ಲಿ ಮಾರಾಟಕ್ಕೇ ಇಲ್ಲದಿರಬಹುದು. ಹಾಗಿದ್ದರೆ ಹೋಲುವ ಸ್ಟ್ರಿಪ್ ಹುಡುಕುವ ಬದಲು ಇಲ್ಲಿನ ಹೊಸ ಮೆಷಿನ್ ಕೊಳ್ಳುವುದೇ ಮೇಲು.

ಬಿಪಿ ಪಟ್ಟಿಗೆ ಫೋಟೊ ಅರ್ಧ ಉತ್ತರ ಮಾತ್ರ

ಬಿಪಿ ಮೆಷಿನ್ನಿನ ಪಟ್ಟಿ, ಅಂದರೆ ಕಫ್, ಹರಿದಾಗ ಅಥವಾ ಗಾಳಿ ಸೋರಿದಾಗಲೂ ಇದೇ ಕ್ರಮ. ಓಮ್ರಾನ್ ಮೆಷಿನ್ ಆದರೆ ತಳದಲ್ಲಿ `HEM-7120` ಎಂಬಂಥ ಮಾಡೆಲ್ ಸಂಖ್ಯೆ ಇರುತ್ತದೆ. ಪಟ್ಟಿಯ ಮೇಲೆ ಅದರದೇ ಬೇರೆ ಸಂಖ್ಯೆ ಮತ್ತು ‘22–32’ ಎಂಬಂತೆ ಸೆಂಟಿಮೀಟರ್ ಅಳತೆ ಮುದ್ರಿಸಿರುತ್ತಾರೆ. ಮೆಷಿನ್ ತಳ, ಪಟ್ಟಿಯ ಮೇಲಿನ ಬರಹ, ಕೊಳವೆಯ ತುದಿಯ ಪ್ಲಗ್ ಈ ಮೂರರ ಫೋಟೊ ಬೇಕು. ಪ್ಲಗ್‌ನ ಗಾತ್ರ ಎಲ್ಲ ಮೆಷಿನ್‌ಗೂ ಒಂದೇ ಅಲ್ಲ. ಸಡಿಲವಾದರೆ ಗಾಳಿ ಸೋರಿ ಎರರ್ ಬರುತ್ತದೆ. ಪ್ಲಗ್ ಸರಿಯಾಗಿ ಕೂತರೂ, ತಯಾರಕರು ಆ ಮೆಷಿನ್ನಿಗೆ ಹೇಳಿರದ ಪಟ್ಟಿಯ ರೀಡಿಂಗ್ ನಂಬುವಂತಿಲ್ಲ. ಯಾವ ಪಟ್ಟಿ ಆಗುತ್ತದೆ ಎಂಬುದು ಮೆಷಿನ್ ಜೊತೆ ಬಂದ ಪುಸ್ತಿಕೆಯಲ್ಲಿದೆ, ಮಾಡೆಲ್ ಸಂಖ್ಯೆ ಟೈಪ್ ಮಾಡಿದರೆ ಕಂಪನಿಯ ಜಾಲತಾಣದಲ್ಲೂ ಹುಡುಕಬಹುದು.

ಆದರೆ ಹಳೆಯ ಪಟ್ಟಿಯ ಅಳತೆಯನ್ನೇ ಮತ್ತೆ ತರಿಸಬೇಡಿ. ಪೆಟ್ಟಿಗೆಯ ಜೊತೆ ಬಂದ 22–32 ಸೆಂಟಿಮೀಟರ್ ಪಟ್ಟಿ ಆ ಮನೆಯವರ ತೋಳಿಗೆ ಮೊದಲಿನಿಂದಲೂ ಚಿಕ್ಕದಾಗಿದ್ದಿರಬಹುದು. ಭುಜದ ಎಲುಬಿನ ತುದಿಯಿಂದ ಮೊಣಕೈವರೆಗೆ ನೋಡಿ ನಡುವಿನ ಜಾಗ ಗುರುತಿಸಿ. ಕೈ ಸಡಿಲ ಬಿಟ್ಟು ಅಲ್ಲಿ ಟೇಪ್ ಸುತ್ತಿ ಅಳೆಯಿರಿ. ಟೇಪ್ ಇಲ್ಲದಿದ್ದರೆ ದಾರ ಸುತ್ತಿ, ಆಮೇಲೆ ಸ್ಕೇಲ್ ಮೇಲಿಡಿ. ತೋಳು 35 ಸೆಂಟಿಮೀಟರ್ ಬಂದರೆ 22–32ರ ಪಟ್ಟಿ ಸಲ್ಲದು, ಅದೇ ಮೆಷಿನ್ನಿಗೆ ಒಪ್ಪುವ ದೊಡ್ಡ ಪಟ್ಟಿ ಬೇಕು.

ಇದು ಸಣ್ಣ ವ್ಯತ್ಯಾಸವಲ್ಲ. ಅಮೆರಿಕದ ಬಾಲ್ಟಿಮೋರ್‌ನಲ್ಲಿ 195 ವಯಸ್ಕರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅತಿ ದೊಡ್ಡ ಪಟ್ಟಿ ಬೇಕಿದ್ದವರಿಗೆ ಸಾಮಾನ್ಯ ಪಟ್ಟಿ ಕಟ್ಟಿದಾಗ ಮೇಲಿನ ಅಂಕಿ ಸರಾಸರಿ 19.5ರಷ್ಟು ಹೆಚ್ಚು ಬಂತು. ಅಂದರೆ ನಿಜಕ್ಕೂ 125 ಇರುವವರಿಗೆ 145ರ ಆಸುಪಾಸು ಕಾಣಬಹುದು. ಇಲ್ಲದ ಬಿಪಿಗೆ ಮಾತ್ರೆ ಶುರುವಾಗಲು ಅಷ್ಟು ಸಾಕು. ಸಣ್ಣ ಪಟ್ಟಿ ಬೇಕಿದ್ದವರಿಗೆ ಸಾಮಾನ್ಯ ಪಟ್ಟಿ ಕಟ್ಟಿದಾಗ ಅಂಕಿ ಸರಾಸರಿ 3.6 ಕಡಿಮೆ ಬಂತು. ಮಣಿಕಟ್ಟಿಗೆ ಕಟ್ಟುವ ಮೆಷಿನ್‌ಗಳ ಮಾತು ಬೇರೆ. ಅವುಗಳಲ್ಲಿ ಪಟ್ಟಿ ಸಾಮಾನ್ಯವಾಗಿ ಮೆಷಿನ್ನಿಗೇ ಅಂಟಿಕೊಂಡಿರುತ್ತದೆ, ಬಿಡಿಯಾಗಿ ಕೊಳ್ಳುವುದು ಕಷ್ಟ.

ಸ್ಟ್ರಿಪ್ ಕೈಗೆ ಬಂದ ಮೇಲೆ

ಸೀಲ್ ತೆಗೆಯುವ ಮುನ್ನ ಡಬ್ಬಿಯ ಹೆಸರನ್ನು ಮೆಷಿನ್ನಿನ ಹೆಸರಿನ ಜೊತೆ ಪದ ಪದವಾಗಿ ಹೋಲಿಸಿ, ಕೊನೆಯ ದಿನಾಂಕ ನೋಡಿ. ಕೆಲವು ಹಳೆಯ ಮೆಷಿನ್‌ಗಳಿಗೆ ಕೋಡ್ ಬೇಕು. ಅಂಥವುಗಳಲ್ಲಿ ಪರದೆಯ ಕೋಡ್ ಮತ್ತು ಡಬ್ಬಿಯ ಕೋಡ್ ಒಂದೇ ಇರಬೇಕು, ಚಿಪ್ ಕೊಟ್ಟಿದ್ದರೆ ಹಳೆಯದನ್ನು ತೆಗೆದು ಹೊಸದನ್ನು ಹಾಕಬೇಕು. ಡಬ್ಬಿಯಿಂದ ತೆಗೆದು ಬಿಡಿಬಿಡಿಯಾಗಿ ಅಗ್ಗಕ್ಕೆ ಮಾರುವ ಸ್ಟ್ರಿಪ್ ಕೊಳ್ಳಬೇಡಿ. ಡಬ್ಬಿಯೊಳಗಿನ ತೇವ ಹೀರುವ ವಸ್ತುವೇ ಅವನ್ನು ಕಾಯುವುದು, ಹೊರಗಿನ ತೇವಕ್ಕೆ ಅವು ಕೆಡುತ್ತವೆ.

ಆದರೂ ಅನುಮಾನ ಉಳಿದರೆ ಅದೇ ಕಂಪನಿಯ ಕಂಟ್ರೋಲ್ ದ್ರಾವಣ ಸಿಗುತ್ತದೆಯೇ ಕೇಳಿ. ರಕ್ತದ ಬದಲು ಅದರ ಒಂದು ಹನಿ ಹಾಕಿದಾಗ ಬರುವ ಅಂಕಿ ಸ್ಟ್ರಿಪ್ ಡಬ್ಬಿಯ ಮೇಲೆ ಮುದ್ರಿಸಿರುವ ಮಿತಿಯೊಳಗೆ ಇರಬೇಕು. ಮಿತಿ ದಾಟಿದರೆ ಆ ಡಬ್ಬಿ ಬಳಸಬೇಡಿ. ಸಕ್ಕರೆ ಕಾಯಿಲೆಯವರಿಗೆ ಬೆವರು, ನಡುಕ, ಮಂಕು ಕವಿದಂತಾಗುವುದು ಶುರುವಾಗಿದ್ದರೆ ಸರಿಯಾದ ಸ್ಟ್ರಿಪ್ ಬರಲಿ ಎಂದು ಕಾಯಬಾರದು. ಎಚ್ಚರವಿದ್ದು ನುಂಗಲು ಆಗುತ್ತಿದ್ದರೆ ಸಕ್ಕರೆ ನೀರು ಕುಡಿಸಿ ವೈದ್ಯರ ಬಳಿ ಕರೆದೊಯ್ಯಿರಿ.