ಸಂಕ್ಷೇಪಣೆಯ ಪರಿಶೀಲನೆ

ಮೂಲ ಬರಹದ ತಿರುಳನ್ನು ಹಿಡಿದಿಡುವ ಕಿರುಬರಹವಾದ ಸಂಕ್ಷೇಪಣೆಯನ್ನು, ಬರೆದು ಮುಗಿದ ಮೇಲೆ, ವ್ಯಾಪ್ತಿ, ಮೂಲನಿಷ್ಠೆ, ಮಿತಿ, ಸರಾಗತೆ ಎಂಬ ನಾಲ್ಕು ಅಂಶಗಳ ಪಟ್ಟಿ ಹಿಡಿದು ಮೂಲದೊಂದಿಗೆ ತಾಳೆ ನೋಡಲಾಗುತ್ತದೆ.

ಉದಾಹರಣೆಗೆ, ಸಾಗರ ತಾಲ್ಲೂಕಿನ 1951ರ ಕಾಗೋಡು ಸತ್ಯಾಗ್ರಹದ ವಿವರಣೆಯೊಂದನ್ನು ‘ಲೋಹಿಯಾ ಕಾಗೋಡಿನಲ್ಲಿ ಗೇಣಿದಾರರ ಹೋರಾಟ ಆರಂಭಿಸಿ ಬಂಧನಕ್ಕೊಳಗಾದರು’ ಎಂದು ಸಂಗ್ರಹಿಸಿದರೆ, ಆ ವಾಕ್ಯ ಚಿಕ್ಕದೂ ಸರಾಗವೂ ಆಗಿರುತ್ತದೆ. ಆದರೆ ಗೇಣಿಯ ಭತ್ತ ಅಳೆಯುವ ಕೊಳಗದ ಗಾತ್ರದ ತಕರಾರು ಬಿಟ್ಟುಹೋದದ್ದರಿಂದ ಅದು ವ್ಯಾಪ್ತಿಯಲ್ಲಿ ಸೋಲುತ್ತದೆ, ಎಚ್. ಗಣಪತಿಯಪ್ಪನವರ ನೇತೃತ್ವದಲ್ಲಿ ಮೊದಲೇ ನಡೆಯುತ್ತಿದ್ದ ಹೋರಾಟಕ್ಕೆ ಲೋಹಿಯಾ ಆಮೇಲೆ ಬಂದು ಸೇರಿದ್ದರಿಂದ ಮೂಲನಿಷ್ಠೆಯಲ್ಲಿಯೂ ಸೋಲುತ್ತದೆ. ಎರಡನೆಯ ದೋಷವೇ ಹೆಚ್ಚು ಅಪಾಯಕಾರಿ, ಏಕೆಂದರೆ ಹೆಸರು, ಊರು, ಘಟನೆಗಳೆಲ್ಲ ಮೂಲದಲ್ಲಿಯೇ ಇದ್ದು, ಅವುಗಳ ನಡುವಣ ಸಂಬಂಧ ಮಾತ್ರ ತಪ್ಪಿರುವುದರಿಂದ ಅದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಪ್ರತಿ ವಾಕ್ಯಕ್ಕೂ ಯಾರು, ಏನು, ಯಾವಾಗ ಎಂದು ಕೇಳಿ, ಮೂಲದಲ್ಲಿ ಉತ್ತರವಿರುವ ಸಾಲಿನ ಮೇಲೆ ಬೆರಳಿಡುವುದೇ ಇದಕ್ಕೆ ಮದ್ದು.

ಮಿತಿಗೆ ಶಾಲಾ ರೂಢಿಯ ಮೂರನೆಯ ಒಂದು ಭಾಗ ಅಳತೆಯಾದರೆ, ಸರಾಗತೆಯನ್ನು ಮೂಲ ಓದದವರಿಂದ ಓದಿಸಿ ತಿಳಿಯಬೇಕು. ‘ಕೊಳಗದ ತಕರಾರಿನಿಂದ ಗಣಪತಿಯಪ್ಪನವರ ನೇತೃತ್ವದಲ್ಲಿ ಕಾಗೋಡಿನ ಗೇಣಿದಾರರು ನಡೆಸಿದ ಹೋರಾಟಕ್ಕೆ ಬೆಂಬಲವಾಗಿ ಬಂದ ಲೋಹಿಯಾ ಬಂಧಿತರಾದರು’ ಎಂಬ ತಿದ್ದಿದ ವಾಕ್ಯ ಕೆಲವು ಪದ ಉದ್ದವಾದರೂ ನಾಲ್ಕು ಅಂಶಗಳಲ್ಲಿಯೂ ನಿಲ್ಲುತ್ತದೆ.